ಮೊದಲು ವೃತ್ತ, ಆಮೇಲೆ ಕೋನ: ನನ್ನ ಅನುಭವ

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹೊತ್ತು ಒಲಿಂಪಿಯಾಡ್ ಗಣಿತ ಹೇಳಿಕೊಡುತ್ತೇನೆ. ಐಒಕ್ಯೂಎಂ, ಆರ್‌ಎಂಒ ಬರೆಯುವ ಹತ್ತು-ಹನ್ನೆರಡು ಮಕ್ಕಳು. ಇವರಿಗೆ ಒಂದೇ ವೃತ್ತಖಂಡದ ಕೋನಗಳು ಸಮ ಅನ್ನೋದು ಗೊತ್ತು, ಚಕ್ರೀಯ ಚತುರ್ಭುಜದ ಎದುರು ಕೋನಗಳ ಮೊತ್ತ 180 ಅನ್ನೋದೂ ಗೊತ್ತು. ಆದರೂ ಲೆಕ್ಕ ಕೊಟ್ಟರೆ ಚಿತ್ರದ ತುಂಬ x, y ಬರೆದು, ಅರ್ಧ ಗಂಟೆ ಆದಮೇಲೆ x = x ಅಂತ ತಂದು ತೋರಿಸುತ್ತಿದ್ದರು.

ಇದಕ್ಕೆ ಮೊದಲು ಬಣ್ಣದ ಪೆನ್ನು ತಂದೆ. ಸಮ ಕೋನಕ್ಕೆ ಒಂದೇ ಬಣ್ಣ. ಮುನ್ನೂರು ರೂಪಾಯಿ ಹೋಯಿತು, ಚಿತ್ರ ರಂಗೋಲಿ ಆಯಿತು, ಉತ್ತರ ಮಾತ್ರ ಬರಲಿಲ್ಲ. ಆಮೇಲೆ ಅಚ್ಚುಕಟ್ಟಾದ ಚಿತ್ರಗಳ ಝೆರಾಕ್ಸ್ ಹಂಚಿದೆ. ತಿಂಗಳಿಗೆ ಐನೂರರ ಹತ್ತಿರ ಖರ್ಚು. ಎಲ್ಲ ಚಿತ್ರದಲ್ಲೂ ತ್ರಿಭುಜ ಲಘುಕೋನದ್ದೇ. ಹಾಗಾಗಿ ಮಕ್ಕಳು ಬರೆದ ಸಾಧನೆ ಆ ಒಂದು ಚಿತ್ರಕ್ಕಷ್ಟೇ ಸರಿಯಾಗುತ್ತಿತ್ತು.

ಕೊನೆಗೆ ಒಂದು ನಿಯಮ ಮಾಡಿದೆ. ಚಿತ್ರ ಬರೆದ ಮೇಲೆ ಒಂದು ಕೋನಕ್ಕೂ ಹೆಸರು ಇಡಬಾರದು. ಮೊದಲು ವೃತ್ತಗಳ ಪಟ್ಟಿ ಮಾಡಬೇಕು. ಪಕ್ಕದ ಕ್ಲಾಸಿನ ಮೇಷ್ಟ್ರು ನಂಬಲಿಲ್ಲ. "ಸುಮ್ನೆ ಕೋಆರ್ಡಿನೇಟ್ ಹಾಕಸ್ರಿ ಸರ್, ಟೈಮ್ ಎಲ್ಲೈತಿ?" ಅಂದರು.

ನಾನು ಯಾವಾಗಲೂ ಶುರು ಮಾಡುವ ಲೆಕ್ಕ ಇದು. ABC ಲಘುಕೋನ ತ್ರಿಭುಜದ ಲಂಬಗಳು AD, BE, CF. ಅವು ಸೇರುವ ಬಿಂದು H. AD ರೇಖೆ EDF ಕೋನವನ್ನು ಅರ್ಧ ಮಾಡುತ್ತದೆ ಅಂತ ತೋರಿಸಬೇಕು. ಇಲ್ಲಿ 90 ಡಿಗ್ರಿಗಳನ್ನು ಜೋಡಿ ಮಾಡಿ. D ಮತ್ತು F ಎರಡೂ BH ಅನ್ನು 90 ಡಿಗ್ರಿಯಲ್ಲಿ ನೋಡುತ್ತವೆ. ಅಂದರೆ B, D, H, F ಒಂದೇ ವೃತ್ತದ ಮೇಲಿವೆ. ಹಾಗೆಯೇ C, D, H, E ಕೂಡ. ಇಂಥ ವೃತ್ತ ಈ ಚಿತ್ರದಲ್ಲಿ ಒಟ್ಟು ಆರು, ನಮಗೆ ಎರಡೇ ಸಾಕು. A = 50 ಇರಲಿ. ಮೊದಲ ವೃತ್ತದಲ್ಲಿ ∠FDH = ∠FBH = 90 − 50 = 40. ಎರಡನೆಯದರಲ್ಲಿ ∠HDE = ∠HCE = 40. ಕೆಲಸ ಎರಡು ಸಾಲಿನಲ್ಲಿ ಮುಗಿಯಿತು.

ಈಗ ಚಿತ್ರ ಕೆಡಿಸಿ. A = 25, B = 120 ಮಾಡಿ. D ಮತ್ತು F ಬಾಹುಗಳಿಂದ ಆಚೆ ಹೋಗುತ್ತವೆ. ∠FDH = ∠FBH = 65, ಇದು ಹಾಗೇ ಉಳಿಯುತ್ತದೆ. ಆದರೆ D ಮತ್ತು C ಈಗ HE ಜ್ಯಾದ ಎರಡು ಕಡೆ ಇವೆ. ∠HCE = 65 ಆದರೂ ∠HDE = 115. AD ಈಗ ಅರ್ಧ ಮಾಡುವುದು ಹೊರಕೋನವನ್ನು. ಆರ್‌ಎಂಒದಲ್ಲಿ ಮಾರ್ಕು ಹೋಗುವ ಜಾಗ ಇದೇ. ಗುರುತಿಸುವುದು ಸುಲಭ: ಎರಡೂ ಶೃಂಗ ಜ್ಯಾದ ಒಂದೇ ಕಡೆ ಇದ್ದರೆ ಕೋನ ಸಮ, ಬೇರೆ ಬೇರೆ ಕಡೆ ಇದ್ದರೆ ಮೊತ್ತ 180.

ಪ್ರತಿ ಸಲ ಹೀಗೆ ಕಡೆ ನೋಡುತ್ತಾ ಕೂರುವುದು ಬೇಡ ಅಂತ ಕೋನವನ್ನು ರೇಖೆಗಳ ನಡುವೆ ಬರೆಸುತ್ತೇನೆ. ∠(DF, DH) ಅಂದರೆ DF ರೇಖೆಯನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಎಷ್ಟು ತಿರುಗಿಸಿದರೆ DH ಮೇಲೆ ಕೂರುತ್ತದೆ ಅನ್ನುವುದು. 180 ಹೆಚ್ಚು ಕಡಿಮೆ ಆದರೆ ಲೆಕ್ಕಕ್ಕಿಲ್ಲ. ಆಗ ಸಾಧನೆ ಹೀಗೆ:

∠(DF, DH) = ∠(AB, BE) = ∠(AB, AC) + 90
∠(DH, DE) = ∠(CF, AC) = 90 + ∠(AB, AC)

B ಲಘುವೋ ವಿಶಾಲವೋ ಕೇಳುವ ಹಾಗೇ ಇಲ್ಲ. ಎರಡೂ ಚಿತ್ರಕ್ಕೆ ಇದೇ ಎರಡು ಸಾಲು. ಲಂಬಕೋನ ತ್ರಿಭುಜವನ್ನು ಮಾತ್ರ ಬೇರೆ ಇಡಿ, ಅಲ್ಲಿ ಬಿಂದುಗಳೇ ಒಂದರ ಮೇಲೊಂದು ಬೀಳುತ್ತವೆ.

ನಡುವೆ ಪ್ಲೈವುಡ್ ಮೇಲೂ ಒಂದು ಪ್ರಯೋಗ ಮಾಡಿದೆವು. ಎರಡು ಮೊಳೆ ಹೊಡೆದು, 50 ಡಿಗ್ರಿಗೆ ಕತ್ತರಿಸಿದ ರಟ್ಟನ್ನು ಎರಡೂ ಮೊಳೆಗೆ ತಾಗಿಸಿ ಜಾರಿಸಿದರೆ, ತುದಿಯ ಪೆನ್ಸಿಲ್ ಕಂಸ ಎಳೆಯುತ್ತದೆ. ಇನ್ನೂರು ರೂಪಾಯಿ ಒಳಗಿನ ಖರ್ಚು. ಬಣ್ಣದ ಪೆನ್ನಿಗಿಂತ ಇದರಿಂದಲೇ ಜಾಸ್ತಿ ತಲೆಗೆ ಹತ್ತಿತು. "ಸರ್, ರಟ್ಟು ಆ ಕಡೆ ಹೋದ್ರ 130 ಬೇಕಲ್ರಿ" ಅಂತ ಒಂಬತ್ತನೆಯ ಕ್ಲಾಸಿನ ಹುಡುಗಿ ತಾನೇ ಕಂಡುಕೊಂಡಳು.

ಈ ವರ್ಷದ ಬ್ಯಾಚಿನಲ್ಲಿ ಮುಕ್ಕಾಲು ಪಾಲು ಮಕ್ಕಳು ಇಂಥ ಲೆಕ್ಕವನ್ನು ಸುಳಿವು ಇಲ್ಲದೆ ಹತ್ತು-ಹದಿನೈದು ನಿಮಿಷದಲ್ಲಿ ಮುಗಿಸುತ್ತಾರೆ. ಕೋಆರ್ಡಿನೇಟ್ ಅಂದಿದ್ದ ಮೇಷ್ಟ್ರು ಈಗ ನನ್ನ ನೋಟ್ಸ್ ಕೇಳಿದ್ದಾರೆ. 90 ಡಿಗ್ರಿಯೇ ಇಲ್ಲದ ಚಿತ್ರದಲ್ಲಿ ವೃತ್ತ ಹುಡುಕಲು ಬಿಂದುಗಳನ್ನು ಯಾವ ಕ್ರಮದಲ್ಲಿ ಬರೆಸುತ್ತೇನೆ ಅನ್ನುವುದನ್ನು ಮಾತ್ರ ಕ್ಲಾಸಿಗೇ ಇಟ್ಟುಕೊಂಡಿದ್ದೇನೆ.

ಒಂದು ಕಡೆ ಇದು ನಡೆಯುವುದಿಲ್ಲ. ರೇಖೆಗಳ ಕೋನದಲ್ಲಿ 2x = 2y ಬಂದರೆ x = y ಅಂತ ಬರೆಯಬೇಡಿ, 90 ವ್ಯತ್ಯಾಸ ಇರಬಹುದು. ಅಂತಃಕೇಂದ್ರ, ಕಂಸದ ಮಧ್ಯಬಿಂದು ಬಂದ ಲೆಕ್ಕಗಳಲ್ಲಿ ಕೋನವನ್ನು ಅರ್ಧ ಮಾಡಲೇಬೇಕು. ಅಲ್ಲಿ ಸಾದಾ ಕೋನವನ್ನೇ ಹಿಡಿದು, ಬಿಂದು ಯಾವ ಕಡೆ ಇದೆ ಅಂತ ಒಂದು ಸಾಲು ಬರೆದೇ ಮುಂದೆ ಹೋಗಿ.