ಒಂದೇ ಬೋರ್ಡಿಗೆ 26, 17: ಯಾವುದನ್ನು ಓದೋದು?

ಮಂಡ್ಯದಲ್ಲಿ ಭಾವ ಮತ್ತು ಭಾಮೈದ ಸೇರಿ ಸೀರೆ ಅಂಗಡಿ ಇಡುವವರಿದ್ದರು. ಮಗಳ ಹೆಸರಲ್ಲಿ ‘ಮಂಜು ಸಿಲ್ಕ್’ ಅಂತ ಬೋರ್ಡು ಹಾಕೋಣವಾ ಎಂದು ಸಂಖ್ಯಾಶಾಸ್ತ್ರ ನೋಡುವ ನನ್ನ ಹತ್ತಿರ ಬಂದರು.

ಕಾಲ್ಡಿಯನ್ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ 1ರಿಂದ 8ರವರೆಗೆ ಬೆಲೆ ಇದೆ. ಯಾವ ಅಕ್ಷರಕ್ಕೂ 9 ಕೊಡುವುದಿಲ್ಲ. ಪೇಪರಿನ ಮೇಲೆ ಹೀಗೆ ಬರೆದೆ:

MANJU = 4+1+5+1+6 = 17
SILK = 3+1+3+2 = 9

ಎರಡನ್ನೂ ಕೂಡಿದರೆ 26. ಇನ್ನು ಕೆಲವರು ಪ್ರತಿ ಪದವನ್ನೂ ಮೊದಲು ಒಂದಂಕಿಗೆ ಇಳಿಸಿ, ಆಮೇಲೆ ಕೂಡುತ್ತಾರೆ. ಆಗ 8+9, ಅಂದರೆ 17. ಕೊನೆಗೆ ಎರಡೂ 8ಕ್ಕೇ ಬರುತ್ತವೆ. ಆದರೆ ಇಳಿಸುವ ಮೊದಲಿನ ಸಂಖ್ಯೆಗೇ ಇಲ್ಲಿ ಅರ್ಥ ಜಾಸ್ತಿ. ನಾವು ಇಂದು ಬಳಸುವ ಅರ್ಥಗಳು ಹೆಚ್ಚಾಗಿ ಸಂಖ್ಯಾಶಾಸ್ತ್ರಿ ಕೀರೋ (1866–1936) 10ರಿಂದ 52ರವರೆಗೆ ಕೊಟ್ಟವು. ಅದರಲ್ಲಿ 17 ನಕ್ಷತ್ರದ ಸಂಖ್ಯೆ, ಕಷ್ಟ ದಾಟಿ ಮೇಲೆ ಬರುವವರದ್ದು. 26 ಮಾತ್ರ ಗಂಭೀರ ಎಚ್ಚರಿಕೆ. ಪಾಲುದಾರಿಕೆ, ಕೆಟ್ಟ ಸಲಹೆ, ಬೇರೆಯವರ ಸಹವಾಸ, ಇವುಗಳಿಂದ ನಷ್ಟ ಎನ್ನುತ್ತದೆ. ಇವರೋ ಪಾಲುದಾರರೇ!

ಇಂಥ ಕಡೆ ಕೆಲವರು ಒಳ್ಳೆಯ ಸಂಖ್ಯೆ ಬರುವ ಲೆಕ್ಕವನ್ನೇ ಆರಿಸಿಕೊಂಡು ಸುಮ್ಮನಾಗುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎರಡೂ ಲೆಕ್ಕ ಮಾಡುತ್ತೇನೆ. ಎರಡೂ ಒಳ್ಳೆಯದಿದ್ದರೆ ಮಾತ್ರ ಹೂಂ ಅನ್ನುತ್ತೇನೆ.

‘ಸಿಲ್ಕ್ಸ್’ ಅಂತ ಮಾಡಿದರೆ S ಸೇರಿ 29 ಆಗುತ್ತದೆ, ಇನ್ನೊಂದು ಲೆಕ್ಕಕ್ಕೆ 11. ಎರಡಕ್ಕೂ ನಂಬಿದವರಿಂದ ಮೋಸ ಅನ್ನುವ ಅರ್ಥವಿದೆ. ಬೇಡ ಅಂದೆ.

ಭಾವನವರು, “ಮುಂದೆ ಶ್ರೀ ಹಾಕಿದರೆ ಹೇಗೆ ಸಾರ್?” ಅಂದರು. ಅಂಗಡಿಗೆ ಶ್ರೀ ಹಾಕೋದು ನಮ್ಮ ಕಡೆ ರೂಢಿಯೇ ಅಲ್ವಾ. SRI ಅಂದರೆ 6. ಒಟ್ಟು 32, ಬಿಡಿಸಿ ಕೂಡಿದರೆ 23. ಎರಡೂ ಒಳ್ಳೆಯವೇ. ಆದರೆ 32ಕ್ಕೆ ಒಂದು ಷರತ್ತಿದೆ: ತನ್ನ ಸ್ವಂತ ತೀರ್ಮಾನಕ್ಕೆ ಅಂಟಿಕೊಂಡರೆ ಮಾತ್ರ ಫಲ, ಬೇರೆಯವರ ಹಠಕ್ಕೆ ಬಗ್ಗಿದರೆ ಕೆಲಸ ಕೆಡುತ್ತದೆ. ಒಬ್ಬನೇ ಯಜಮಾನನಿದ್ದರೆ ಸರಿ. ಇಲ್ಲಿ ಇಬ್ಬರು.

SHRI ಎಂದು ಬರೆದರೆ 3+5+2+1, ಅಂದರೆ 11. ಆಗ ಒಟ್ಟು 37. ಪದಗಳನ್ನು ಇಳಿಸಿ ಕೂಡಿದರೆ 2+8+9, ಅಂದರೆ 19. 37 ಎಲ್ಲ ರೀತಿಯ ಪಾಲುದಾರಿಕೆಗೂ ಒಳ್ಳೆಯದು ಅಂತಲೇ ಅರ್ಥ. 19 ಸೂರ್ಯನ ಸಂಖ್ಯೆ, ಯಶಸ್ಸು ಮತ್ತು ಗೌರವದ್ದು. ಇದನ್ನೇ ಬರೆದುಕೊಟ್ಟೆ.

ಈ ಹೆಸರಿನಿಂದ ಸೀರೆ ಹೆಚ್ಚು ಹೋಗುತ್ತದೆ ಎಂದು ನಾನು ಹೇಳಲಿಲ್ಲ. ಅದಕ್ಕೆ ಜಾಗ, ಬೆಲೆ, ಮಾತುಕತೆ ಬೇಕು. ಕನ್ನಡ ಬೋರ್ಡಿನಲ್ಲಿ ‘ಶ್ರೀ’ ಒಂದೇ ಥರ ಕಾಣುವುದರಿಂದ ಈ ಲೆಕ್ಕಕ್ಕೆ ಅಲ್ಲಿ ಏನೂ ಸಿಗುವುದಿಲ್ಲ. ಲೈಸೆನ್ಸ್, ಬ್ಯಾಂಕ್ ಖಾತೆ, ಬಿಲ್ ಪುಸ್ತಕ, ಎಲ್ಲ ಕಡೆಯೂ ಇಂಗ್ಲಿಷಿನಲ್ಲಿ H ಇರಲಿ ಎಂದೆ. ಪ್ರೆಸ್‌ನವರು ಅಭ್ಯಾಸಬಲದಿಂದ SRI ಅಂತ ಹೊಡೆದುಬಿಡುತ್ತಾರೆ. ಅಚ್ಚಿಗೆ ಹೋಗುವ ಮೊದಲು ಪ್ರೂಫ್ ನೋಡಿ ಅಂತ ಭಾಮೈದನಿಗೆ ಒತ್ತಿ ಹೇಳಿದೆ.