ಎಪಿಐ ಸೊನ್ನೆ ಬಂದರೆ ನಾನು ಮೊದಲು ಏನು ನೋಡುತ್ತೇನೆ

ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಜ್ವರದವರ ರಕ್ತ ಲೇಪನ ತೆಗೆದು, ಲೆಕ್ಕ ಬರೆಯುವುದು ನನ್ನ ಕೆಲಸ. ವರ್ಷದ ಕೊನೆಗೆ ಎಲ್ಲರೂ ಕೇಳುವುದು ಎಪಿಐ ಎಷ್ಟು ಅಂತ. ಅಂದರೆ ಸಾವಿರ ಜನಕ್ಕೆ ಎಷ್ಟು ಮಲೇರಿಯಾ. ಅದು ಸೊನ್ನೆ ಇದ್ದರೆ ನಾನು ಮೊದಲು ನೋಡುವುದು ಎಬಿಇಆರ್ ಅನ್ನು: ನೂರು ಜನರಲ್ಲಿ ಎಷ್ಟು ಜನರ ರಕ್ತ ಪರೀಕ್ಷೆ ಆಯಿತು?

ಒಂದು ಉಪಕೇಂದ್ರದಲ್ಲಿ 3000 ಜನ ಅಂದುಕೊಳ್ಳಿ. 300 ಸ್ಲೈಡ್ ನೋಡಿದೆವು, 3 ಪಾಸಿಟಿವ್. ಎಬಿಇಆರ್ 10, ಎಸ್‌ಪಿಆರ್, ಅಂದರೆ ನೋಡಿದ ಸ್ಲೈಡ್‌ಗಳಲ್ಲಿ ಪಾಸಿಟಿವ್ ಆದದ್ದು, ನೂರಕ್ಕೆ 1, ಎಪಿಐ ಸಾವಿರಕ್ಕೆ 1. ಈ ಮೂರಕ್ಕೂ ನಂಟಿದೆ:

```
API = ABER × SPR / 10
```

ಅದೇ ಊರಲ್ಲಿ 30 ಸ್ಲೈಡ್ ಮಾತ್ರ ತೆಗೆದಿದ್ದರೆ ಆ ಮೂವರೂ ತಪ್ಪಿಹೋಗಬಹುದಿತ್ತು. ಎಪಿಐ ಸೊನ್ನೆ! ಗುರಿ ಮುಟ್ಟಿಸಲು ಜ್ವರವೇ ಇಲ್ಲದ ಶಾಲೆ ಮಕ್ಕಳ ಬೆರಳು ಚುಚ್ಚಿದರೂ ಅಷ್ಟೇ. ಎಬಿಇಆರ್ ಚೆನ್ನಾಗಿ ಕಾಣುತ್ತದೆ, ಎಸ್‌ಪಿಆರ್ ಸುಮ್ನೆ ಇಳಿಯುತ್ತದೆ. ಹಾಗಾಗಿ ಸ್ಲೈಡ್ ಯಾರದ್ದು, ಯಾವ ತಿಂಗಳದ್ದು ಅಂತ ರಿಜಿಸ್ಟರ್ ತಿರುವಿ ನೋಡುತ್ತೇನೆ. ನಮ್ಮ ಕಡೆ ಇನ್ನೊಂದು ತೊಡಕಿದೆ. ಬೇಸಿಗೆಗೆ ಮುಂಚೆ ಜ್ವರ ಬಂದರೆ ಎಲ್ಲರ ತಲೆಯಲ್ಲೂ ಮಂಗನ ಕಾಯಿಲೆಯೇ. ರಕ್ತ ಅದಕ್ಕೆ ಹೋಗುತ್ತದೆ, ಮಲೇರಿಯಾ ಸ್ಲೈಡ್ ಮರೆತುಹೋಗುತ್ತದೆ.

ರಾಜ್ಯದ ಎಪಿಐ, ಜೊತೆಗೆ ಅದರ ಎಲ್ಲ ಜಿಲ್ಲೆಗಳದ್ದೂ 1ಕ್ಕಿಂತ ಕಡಿಮೆ ಆದರೆ ಅದು ನಿರ್ಮೂಲನಾ ಹಂತ. ಅಲ್ಲಿಂದ ಮುಂದೆ ಸರಾಸರಿಗಿಂತ ಒಬ್ಬೊಬ್ಬ ರೋಗಿಯ ಕಥೆಯೇ ಮುಖ್ಯ. ಒಮ್ಮೆ ಅಡಿಕೆ ಕೊಯ್ಲಿಗೆ ಒಡಿಶಾದಿಂದ ಬಂದ ಹುಡುಗನಲ್ಲಿ ವೈವ್ಯಾಕ್ಸ್ ಅನ್ನೋ ಬಗೆಯ ಮಲೇರಿಯಾ ಸಿಕ್ಕಿತು. 'ಎಂದು ಬಂದೆಯಪ್ಪಾ, ಚಳಿ ಎಂದು ಹಿಡಿಯಿತು?' ಅಂತ ಕೇಳಿದೆ. ಬಂದು ವಾರವೂ ಆಗಿರಲಿಲ್ಲ. ಸೊಳ್ಳೆ ಕಚ್ಚಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ ಎರಡು ವಾರದ ಹತ್ತಿರ ಬೇಕು. ಹಾಗಾಗಿ ಹೊರಗಿನಿಂದ ಬಂದ ಪ್ರಕರಣ ಅಂತ ಬರೆದೆ. ಅವನು ಬಂದು ತಿಂಗಳುಗಳಾಗಿದ್ದರೆ ಇಷ್ಟು ಸುಲಭ ಇರುತ್ತಿರಲಿಲ್ಲ. ವೈವ್ಯಾಕ್ಸ್ ಲಿವರ್‌ನಲ್ಲಿ ಅಡಗಿ ಕೂತು ತಿಂಗಳುಗಳ ನಂತರವೂ ಮರುಕಳಿಸುತ್ತದೆ. ಆಗ ದಿನಾಂಕ ನೋಡಿ ಸ್ಥಳೀಯವೋ ಹೊರಗಿನದೋ ಹೇಳಲಾಗದು, ಹಳೇ ಜ್ವರದ ಕಥೆಯನ್ನೂ ಕೆದಕಬೇಕು.

ಈ ವಿಂಗಡಣೆ ಯಾಕೆ ಅಂದರೆ, ಮಲೇರಿಯಾಮುಕ್ತ ಅನ್ನಿಸಿಕೊಳ್ಳಲು ದೇಶದಲ್ಲಿ ಸತತ 3 ವರ್ಷ ಸ್ಥಳೀಯ ಪ್ರಕರಣ ಸೊನ್ನೆ ಇರಬೇಕು. ಹೊರಗಿನದು ಬಂದರೆ ಲೆಕ್ಕ ಕೆಡುವುದಿಲ್ಲ. ಆದರೆ ಅವನಿಂದ ಪಕ್ಕದ ಮನೆಯವರಿಗೆ ಹರಡಿದರೆ ಇಲ್ಲೇ ಹರಡುವಿಕೆ ಶುರು ಅಂತ ಅರ್ಥ. ನಿಧಾನವಾಗಿ ಹರಿಯುವ ಹಳ್ಳಗಳು ಇಲ್ಲಿ ಜಾಸ್ತಿ, ಮಲೇರಿಯಾ ಹರಡುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆಗೆ ಅಂಥದ್ದೇ ಬೇಕು. ಅವನ ಜೊತೆ ಶೆಡ್‌ನಲ್ಲಿದ್ದ ಎಲ್ಲರದ್ದೂ, ಸುತ್ತಲಿನ ಮನೆಗಳಲ್ಲಿ ಜ್ವರ ಇದ್ದವರದ್ದೂ ಸ್ಲೈಡ್ ತೆಗೆದೆವು. ಎಲ್ಲ ನೆಗೆಟಿವ್.

ಕಷ್ಟ ಆಗಿದ್ದು ಮಾತ್ರೆಯದು. ಕ್ಲೋರೊಕ್ವಿನ್ ಮೂರೇ ದಿನ, ಆದರೆ ಲಿವರ್‌ನಲ್ಲಿ ಅಡಗಿದ್ದನ್ನು ಕೊಲ್ಲುವ ಪ್ರೈಮಾಕ್ವಿನ್ 14 ದಿನ. ಮೂರನೇ ದಿನಕ್ಕೆ ಜ್ವರ ಬಿಟ್ಟಿತ್ತು, ಮೇಸ್ತ್ರಿ ಇಡೀ ತಂಡವನ್ನು ಹೊಸನಗರದ ತೋಟಕ್ಕೆ ಹೊರಡಿಸಿದ್ದ. ಮೇಸ್ತ್ರಿಯ ಫೋನ್ ನಂಬರನ್ನು ಅಲ್ಲಿನ ಆಶಾ ಕಾರ್ಯಕರ್ತೆಗೆ ಕೊಟ್ಟು, ಉಳಿದ ಮಾತ್ರೆಯನ್ನು ದಿನಾ ಅವರ ಎದುರೇ ನುಂಗಿಸುವ ಹಾಗೆ ಮಾಡಿದೆ.