ಎಐ ಡಿಟೆಕ್ಟರ್ ಎಷ್ಟು ಸಲ ತಪ್ಪು ಹೇಳತ್ತೆ? ನೀವೇ ಲೆಕ್ಕ ಹಾಕಿ

ಇದು ಮನುಷ್ಯ ಬರೆದಿದ್ದಾ, ಎಐ ಬರೆದಿದ್ದಾ ಅಂತ ಹೇಳೋ ಡಿಟೆಕ್ಟರ್‌ಗಳ ಜಾಹೀರಾತಲ್ಲಿ ನಿಖರತೆಯ ನಂಬರ್ ದೊಡ್ಡದಾಗೇ ಇರತ್ತೆ, ಆದ್ರೆ ಯಾರ ಬರಹದ ಮೇಲೆ ಟೆಸ್ಟ್ ಮಾಡಿದ್ರು ಅನ್ನೋದು ಮುಖ್ಯ. ಓಪನ್‌ಎಐ 2023ರ ಜನವರಿಯಲ್ಲಿ ಬಿಟ್ಟ ಡಿಟೆಕ್ಟರ್ ಅವರದೇ ಲೆಕ್ಕದಲ್ಲಿ ಎಐ ಬರಹ ಹಿಡಿದಿದ್ದು ನೂರಕ್ಕೆ 26, ಮನುಷ್ಯರ ಬರಹವನ್ನ ಎಐ ಅಂದಿದ್ದು ನೂರಕ್ಕೆ 9. ಜುಲೈನಲ್ಲಿ ವಾಪಸ್ ತಗೊಂಡ್ರು.

ನೀವು ಕಾಲೇಜಲ್ಲಿ ಇಂಗ್ಲಿಷ್ ಪಾಠ ಮಾಡ್ತೀರಿ ಅಂತಿಟ್ಕೊಳ್ಳಿ. ಮೊದಲು ಖಂಡಿತ ಮನುಷ್ಯರೇ ಬರೆದ 60 ಪ್ರಬಂಧ ಬೇಕು. ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ ಕೊನೆಗೆ, ಅದಕ್ಕಿಂತ ಹಳೇ ಅಸೈನ್‌ಮೆಂಟ್‌ಗಳಿದ್ರೆ ಚೆನ್ನ, ಇಲ್ಲಾಂದ್ರೆ ಕ್ಲಾಸಲ್ಲೇ ಕೂರಿಸಿ ಪೆನ್ನಲ್ಲಿ ಬರೆಸಿ, ತಪ್ಪುಗಳನ್ನ ತಿದ್ದದೆ ಹಾಗೇ ಟೈಪ್ ಮಾಡಿ, ಹೆಸರು ತೆಗೆದುಬಿಡಿ. ಪೇಪರ್‌ನಿಂದ ಲೇಖನ ಎತ್ಕೊಂಡು ಬರಬೇಡಿ, ಯಾಕಂದ್ರೆ ಇಂಗ್ಲಿಷ್ ಮಾತೃಭಾಷೆ ಅಲ್ಲದವರ ಸರಳ ವಾಕ್ಯ, ಕಡಿಮೆ ಪದಗಳನ್ನ ನೋಡಿ ಡಿಟೆಕ್ಟರ್‌ಗಳು ಎಐ ಅನ್ನೋದು ಜಾಸ್ತಿ, ನಿಮಗೆ ತಿಳೀಬೇಕಿರೋದೇ ಅದು.

ಆಮೇಲೆ ಅದೇ ಪ್ರಶ್ನೆಗಳಿಗೆ, ಅಷ್ಟೇ ಉದ್ದದ 60 ಉತ್ತರ ಎಐ ಕೈಲಿ ಬರೆಸಿ. ಒಂದೇ ಮಾಡೆಲ್ ಬೇಡ, ಮಕ್ಕಳು ಯಾವುದ್ಯಾವುದು ಬಳಸ್ತಾರೋ ಅವೆಲ್ಲ ಇರ್ಲಿ. ಮನುಷ್ಯರದ್ದು ಒಂದು ಪ್ಯಾರಾ, ಎಐದು ಎರಡು ಪುಟ ಆದ್ರೆ ನೀವು ಅಳೀತಿರೋದು ಉದ್ದವನ್ನ ಅಷ್ಟೇ.

ಡಿಟೆಕ್ಟರ್ ಕೊಡೋ ಸ್ಕೋರ್ ಎಷ್ಟು ದಾಟಿದ್ರೆ ಎಐ ಅಂತ ಹಿಡೀತೀರಿ ಅನ್ನೋದನ್ನ ಟೆಸ್ಟ್‌ಗೆ ಮುಂಚೆನೇ ಬರೆದಿಟ್ಕೊಳ್ಳಿ. ರಿಸಲ್ಟ್ ನೋಡಿ ಗೆರೆ ಎಳೆದ್ರೆ ಯಾವ ಡಿಟೆಕ್ಟರ್ ಆದ್ರೂ ಒಳ್ಳೇದೇ ಕಾಣತ್ತೆ.

ಈಗ ಎಲ್ಲ 120ನ್ನೂ ಡಿಟೆಕ್ಟರ್‌ಗೆ ಹಾಕಿ, ಎರಡು ತಪ್ಪನ್ನ ಬೇರೆಬೇರೆ ಎಣಿಸಿ, ಕೂಡಿಸಿ ಒಂದೇ ನಂಬರ್ ಮಾಡಬೇಡಿ. ಉದಾಹರಣೆಗೆ ಮನುಷ್ಯರ 60ರಲ್ಲಿ 4ನ್ನ ಎಐ ಅಂತು, ಎಐನ 60ರಲ್ಲಿ 42 ಹಿಡೀತು. ಅಂದ್ರೆ ಸುಳ್ಳು ಆರೋಪ ನೂರಕ್ಕೆ ಸುಮಾರು 7, ತಪ್ಪಿಸ್ಕೊಂಡಿದ್ದು ನೂರಕ್ಕೆ 30. ಆದ್ರೆ ಸ್ಯಾಂಪಲ್ ಚಿಕ್ಕದು, ನಿಜವಾದ ಸುಳ್ಳು ಆರೋಪದ ಪ್ರಮಾಣ ನೂರಕ್ಕೆ 3ರಿಂದ 16ರವರೆಗೆ ಎಲ್ಲಾದ್ರೂ ಇರಬಹುದು. ಒಂದೂ ತಪ್ಪು ಬರದಿದ್ರೂ ಸೊನ್ನೆ ಅಂತಲ್ಲ. 3ನ್ನ ಸ್ಯಾಂಪಲ್ ಸಂಖ್ಯೆಯಿಂದ ಭಾಗಿಸಿ, 3/60, ಅಂದ್ರೆ ನೂರಕ್ಕೆ 5ರ ತನಕ ಇರೋ ಸಾಧ್ಯತೆ ಉಳಿಯತ್ತೆ.

ಇನ್ನು ಇದನ್ನ ಕ್ಲಾಸಿಗೆ ಹಾಕಿ ನೋಡಿ. 120 ಜನರಲ್ಲಿ 20 ಜನ ಎಐ ಕೈಲಿ ಬರೆಸಿದ್ರೆ ಸಿಕ್ಕಿಬೀಳೋರು 14, ಸ್ವಂತ ಬರೆದ 100ರಲ್ಲಿ ಸುಮ್ನೆ ಸಿಕ್ಕಿಹಾಕ್ಕೊಳ್ಳೋರು 7 ಜನ. ಡಿಟೆಕ್ಟರ್ ಬೊಟ್ಟು ಮಾಡಿದ 21 ಜನರಲ್ಲಿ ಮೂರರಲ್ಲೊಬ್ಬ ನಿರಪರಾಧಿ! ಎಐ ಬಳಸಿದೋರು 5 ಜನ ಮಾತ್ರ ಅಂತಾದ್ರೆ ಸಿಕ್ಕಿಬಿದ್ದೋರಲ್ಲಿ ನಿರಪರಾಧಿಗಳೇ ಜಾಸ್ತಿ. ಇಷ್ಟರ ಮೇಲೆ ಒಬ್ಬ ಹುಡುಗನ ಮಾರ್ಕ್ಸ್ ಕಟ್ ಮಾಡೋದು ನನ್ನ ಪ್ರಕಾರ ಅನ್ಯಾಯ, ಕರೆದು ಅದೇ ವಿಷಯ ಬಾಯಲ್ಲಿ ಕೇಳಿದ್ರೆ ಇದಕ್ಕಿಂತ ಜಾಸ್ತಿ ಗೊತ್ತಾಗತ್ತೆ.

ಟೆಸ್ಟ್‌ಗೆ ಬಳಸಿದ ಆ 120 ಫೈಲ್‌ಗಳನ್ನ ಎತ್ತಿಟ್ಕೊಳ್ಳಿ. ಕಂಪನಿಯವರು ಅಪ್‌ಡೇಟ್ ಮಾಡಿದಾಗ ನಂಬರ್ ಬದಲಾಗತ್ತೆ, ಹೊಸ ಸೆಮಿಸ್ಟರ್ ಶುರುವಾದಾಗ ಇನ್ನೊಂದ್ಸಲ ಹಾಕಿ ನೋಡಬೇಕಾಗತ್ತೆ.